ಗಜಕರ್ಣದ ಪರೀಕ್ಷೆ: ಎಲ್ಲಿಂದ ಕೆರೆಯಬೇಕು, ಎಷ್ಟು ಕಾಯಬೇಕು

ಸೊಂಟದ ಸುತ್ತ ಗಜಕರ್ಣ ಹಬ್ಬಿದ್ದ ಆಟೋ ಚಾಲಕರೊಬ್ಬರು ನಮ್ಮ ಲ್ಯಾಬಿಗೆ ಬಂದಿದ್ದರು. ಬೇರೆ ಕಡೆ ಮಾಡಿಸಿದ್ದ ಪರೀಕ್ಷೆಯಲ್ಲಿ ಫಂಗಸ್ ಇಲ್ಲ ಎಂದು ಬಂದಿತ್ತು. ವಿಚಾರಿಸಿದಾಗ ಕಾರಣ ಸಿಕ್ಕಿತು. ಪರೀಕ್ಷೆಯ ಹಿಂದಿನ ರಾತ್ರಿಯವರೆಗೂ ಅವರು ಮುಲಾಮು ಹಚ್ಚಿದ್ದರು. ಅಲ್ಲಿ ಕೆರೆದದ್ದೂ ಮಚ್ಚೆಯ ನಡುವಿನಿಂದ. ವೈದ್ಯರ ಮಾತಿನಂತೆ ಎರಡು ವಾರ ಮುಲಾಮು ನಿಲ್ಲಿಸಿ ಮತ್ತೆ ಬಂದರು.

ಗಜಕರ್ಣ ಹೊರಗೆ ಹರಡುತ್ತಾ ಹೋದಂತೆ ನಡುವಿನ ಚರ್ಮ ತಿಳಿಯಾಗುತ್ತದೆ. ಜೀವಂತ ಫಂಗಸ್ ಜಾಸ್ತಿ ಇರುವುದು ಉಬ್ಬಿದ, ಹೊಟ್ಟು ಏಳುವ ಅಂಚಿನಲ್ಲಿ. ಮೊದಲು ಅಲ್ಲಿ 70% ಆಲ್ಕೋಹಾಲ್‌ನಿಂದ ಒರೆಸಿ, ಒಣಗಲು ಬಿಡಿ. ಮೊಂಡು ಬ್ಲೇಡನ್ನು ಓರೆಯಾಗಿ ಹಿಡಿದು ರಕ್ತ ಬಾರದಂತೆ ಕೆರೆಯಿರಿ. ಕೆಳಗೆ ಕಪ್ಪು ಕಾಗದ ಹಿಡಿದರೆ ಬಿಳಿ ಹೊಟ್ಟು ಚೆನ್ನಾಗಿ ಕಾಣುತ್ತದೆ. ಅದನ್ನು ಕಾಗದದಲ್ಲೇ ಮಡಚಿಡಿ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ನಿಂತು ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಸ್ವಲ್ಪ ಹೊಟ್ಟನ್ನು ಸ್ಲೈಡ್ ಮೇಲಿಟ್ಟು 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಹಾಕಿ, ಕವರ್ ಸ್ಲಿಪ್ ಮುಚ್ಚಿ. ಇದು ಚರ್ಮ ಸುಡುವ ಕ್ಷಾರ, ಗ್ಲೌಸ್ ಬೇಕೇ ಬೇಕು. ಹೊಟ್ಟಿನಲ್ಲಿರುವ ಕೆರಾಟಿನ್ ಕರಗುತ್ತದೆ, ಫಂಗಸ್‌ನ ಗಟ್ಟಿ ಗೋಡೆ ಉಳಿಯುತ್ತದೆ. ಹತ್ತಿಪ್ಪತ್ತು ನಿಮಿಷ ಕಾಯಿರಿ. ಆತುರಕ್ಕೆ ಜೋರಾಗಿ ಕಾಯಿಸಿದರೆ ಹರಳು ಕಟ್ಟಿ ಏನೂ ಕಾಣುವುದಿಲ್ಲ.

ಮೈಕ್ರೋಸ್ಕೋಪಿನಲ್ಲಿ ಬೆಳಕು ತಗ್ಗಿಸಿ. ಮೊದಲು 10ರ ಲೆನ್ಸಿನಲ್ಲಿ ಹುಡುಕಿ, 40ರಲ್ಲಿ ಖಚಿತ ಮಾಡಿಕೊಳ್ಳಿ. ಹೊಸಬರು ಎಡವುವುದು ಇಲ್ಲೇ. ಜೀವಕೋಶಗಳ ಅಂಚುಗಳು ಸೇರಿ ಬಲೆಯಂತೆ ಕಂಡು ಫಂಗಸ್ ಎಂದು ಮೋಸ ಮಾಡುತ್ತವೆ. ನಿಜವಾದ ಎಳೆ ಉದ್ದಕ್ಕೂ ಒಂದೇ ದಪ್ಪ ಇರುತ್ತದೆ, ನಡುನಡುವೆ ಅಡ್ಡಗೋಡೆ ಇರುತ್ತದೆ, ಕವಲೊಡೆಯುತ್ತದೆ. ಮುಖ್ಯವಾಗಿ, ಜೀವಕೋಶಗಳ ಗಡಿಯನ್ನು ದಾಟಿ ಹೋಗುತ್ತದೆ. ಬಟ್ಟೆಯ ನೂಲು ಇದಕ್ಕಿಂತ ತುಂಬಾ ದಪ್ಪ. ಚಾಲಕರ ಸ್ಲೈಡಿನಲ್ಲಿ ಅಂಥ ಎಳೆಗಳು ಎದ್ದು ಕಂಡವು.

ಫಂಗಸ್ ಇದೆ ಎಂದು ಗೊತ್ತಾಯಿತು. ಯಾವುದು ಎಂದು ತಿಳಿಯಲು ಕಲ್ಚರ್ ಬೇಕು, ಅಂದರೆ ಅದನ್ನು ಬೆಳೆಸಿ ನೋಡಬೇಕು. ಅದಕ್ಕೆ ಕ್ಷಾರ ತಾಗದ ಹೊಟ್ಟನ್ನು ಮೊದಲೇ ತೆಗೆದಿಟ್ಟಿದ್ದೆವು. ಅದನ್ನು ಫಂಗಸ್ ಬೆಳೆಸುವ ಸಬುರಾ ಅಗಾರ್ ಮೇಲೆ ಹಲವು ಕಡೆ ಮೆಲ್ಲಗೆ ಒತ್ತಿದೆವು. ಅಗಾರ್‌ನಲ್ಲಿ ಬ್ಯಾಕ್ಟೀರಿಯಾ ತಡೆಯಲು ಕ್ಲೋರಾಂಫೆನಿಕಾಲ್, ಗಾಳಿಯ ಬೂಷ್ಟು ತಡೆಯಲು ಸೈಕ್ಲೋಹೆಕ್ಸಿಮೈಡ್ ಇತ್ತು. 25ರಿಂದ 30 ಡಿಗ್ರಿಯಲ್ಲಿಟ್ಟು ದಿನ ಬಿಟ್ಟು ದಿನ ನೋಡಿದೆವು.

ಒಂಬತ್ತನೇ ದಿನ ಕೆನೆ ಬಣ್ಣದ, ಹಿಟ್ಟು ಉದುರಿಸಿದಂಥ ಬೆಳೆ ಬಂತು. ನೀಲಿ ಬಣ್ಣ ಹಾಕಿ ನೋಡಿದರೆ ಗೊಂಚಲು ಗೊಂಚಲಾಗಿ ದುಂಡು ಬೀಜಕಣಗಳು, ಸ್ಪ್ರಿಂಗಿನಂತೆ ಸುತ್ತಿದ ಎಳೆಗಳು. ಟ್ರೈಕೋಫೈಟಾನ್ ಮೆಂಟಾಗ್ರೊಫೈಟಿಸ್ ಗುಂಪಿನದು ಎಂದು ಬರೆದೆವು. ಮದ್ದಿಗೆ ಜಗ್ಗದೆ ತೊಂದರೆ ಕೊಡುತ್ತಿರುವ ಇಂಡೋಟಿನಿಯೆ ಎಂಬ ಫಂಗಸ್ ಕೂಡ ಇದೇ ಗುಂಪಿನದು, ಕಲ್ಚರ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬೇರ್ಪಡಿಸಲು ಜೀನ್ ಪರೀಕ್ಷೆಯೇ ಆಗಬೇಕು.

ಏನೂ ಬೆಳೆಯದಿದ್ದರೆ ನಾಲ್ಕು ವಾರ ಕಾದ ಮೇಲೆಯೇ ನೆಗೆಟಿವ್ ಎನ್ನಬೇಕು. ಆಗಲೂ ಸ್ಲೈಡಿನಲ್ಲಿ ಎಳೆ ಕಂಡಿದ್ದರೆ ಆ ಫಲಿತಾಂಶವನ್ನು ಅಳಿಸಬೇಡಿ. ಮುಲಾಮಿನಿಂದ ಸತ್ತ ಎಳೆಗಳು ಸ್ಲೈಡಿನಲ್ಲಿ ಕಾಣುತ್ತವೆ, ಅಗಾರ್ ಮೇಲೆ ಬೆಳೆಯುವುದಿಲ್ಲ.