ಎರಡು ವರ್ಷ ತುಂಬಿದ ಸ್ಮಾರ್ಟ್‌ವಾಚಿನ ಬ್ಯಾಟರಿ: ಬಿಚ್ಚಿ ಅಳೆದು ತಿಳಿದದ್ದು

ಬದಿಯಡ್ಕದಲ್ಲಿ ನಾನು ನಡೆಸುವ ರಿಪೇರಿ ಅಂಗಡಿಗೆ ಬರುವ ಸ್ಮಾರ್ಟ್‌ವಾಚುಗಳಲ್ಲಿ ಎರಡು ವರ್ಷದ ಆಸುಪಾಸಿನವೇ ಹೆಚ್ಚು. ತಂದವರ ದೂರು ಸಾಮಾನ್ಯವಾಗಿ ಎರಡೇ ಬಗೆಯದು: ಒಂದೋ ಚಾರ್ಜು ನಿಲ್ಲುವುದಿಲ್ಲ, ಇಲ್ಲವೇ ಡಿಸ್‌ಪ್ಲೇ ಎದ್ದು ಬಂದಿದೆ. ಎರಡಕ್ಕೂ ಮೂಲ ಹೆಚ್ಚಾಗಿ ಒಳಗಿನ ಬ್ಯಾಟರಿ ಹಳೆಯದಾದದ್ದೇ ಆದರೂ ಮುಂದೆ ಮಾಡಬೇಕಾದ ಕೆಲಸ ಒಂದೇ ಅಲ್ಲ. ಚಾರ್ಜು ಕಡಿಮೆಯಾದ ವಾಚನ್ನು ಇನ್ನೂ ಒಂದು ವರ್ಷ ಬಳಸಬಹುದು. ಬ್ಯಾಟರಿ ಉಬ್ಬಿದ ವಾಚನ್ನು ಅದೇ ದಿನ ನಿಲ್ಲಿಸಬೇಕು. ಈ ವ್ಯತ್ಯಾಸವನ್ನು ಹೇಗೆ ಗುರುತಿಸುತ್ತೇನೆ ಎಂಬುದನ್ನು ಒಂದೇ ಮನೆಯ ಎರಡು ವಾಚುಗಳ ಮೂಲಕ ವಿವರಿಸುತ್ತೇನೆ.

ನಮ್ಮ ಊರಿನ ಕನ್ನಡ ಶಾಲೆಯ ಮಾಷ್ಟ್ರು ಮತ್ತು ಅವರ ಪತ್ನಿ ಒಂದೇ ದಿನ ಒಂದೇ ಮಾದರಿಯ ಎರಡು ವಾಚುಗಳನ್ನು ಖರೀದಿಸಿದ್ದರು. ಎರಡು ವರ್ಷ ಕಳೆದಾಗ ಮಾಷ್ಟ್ರ ವಾಚಿನ ಗಾಜು ಒಂದು ಬದಿಯಲ್ಲಿ ಉಗುರು ತೂರುವಷ್ಟು ಎದ್ದಿತ್ತು. "ಗಮ್ ಬಿಟ್ಟದ್ದಾಗಿರಬೇಕು ಅಣ್ಣ, ಸ್ವಲ್ಪ ಅಂಟಿಸಿ ಕೊಡಿ" ಎಂದು ಅವರು ಕೇಳಿದರು. ಹೀಗೆ ಕೇಳುವವರು ಬಹಳ ಮಂದಿ. ಗಾಜನ್ನು ಹಿಡಿದಿಡುವ ಅಂಟು ಬೆವರಿಗೆ, ಸೆಖೆಗೆ ಸಡಿಲವಾಗುವುದೂ ಉಂಟು, ಆದ್ದರಿಂದ ಅವರ ಊಹೆ ಅಸಂಗತವಲ್ಲ. ಆದರೆ ಅಂಟು ಬಿಟ್ಟಿದೆಯೋ ಒಳಗಿನಿಂದ ಒತ್ತಡ ಬಂದಿದೆಯೋ ಎಂದು ತಿಳಿಯುವ ಮೊದಲು ಗಾಜನ್ನು ಬೆರಳಿನಿಂದ ಒತ್ತಿ ಕೂರಿಸಲು ಹೋಗಬಾರದು. ಉಬ್ಬಿದ ಬ್ಯಾಟರಿಯನ್ನು ಹಾಗೆ ಒತ್ತಿದರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಬಹುದು, ಬೆಂಕಿಯೂ ಹತ್ತಬಹುದು.

ವಾಚನ್ನು ತೆರೆಯದೆಯೇ ನೋಡಬೇಕಾದ ಗುರುತುಗಳಿವೆ. ವಾಚನ್ನು ಆಫ್ ಮಾಡಿ, ಪಟ್ಟಿ ತೆಗೆದು, ಸಪಾಟಾದ ಗಾಜಿನ ಮೇಲೆ ಬೆನ್ನು ಕೆಳಗಾಗಿ ಇಟ್ಟು, ಕಣ್ಣನ್ನು ಅದರ ಮಟ್ಟಕ್ಕೆ ತಂದು ಬೆಳಕಿಗೆದುರಾಗಿ ನೋಡುತ್ತೇನೆ. ಬರೀ ಅಂಟು ಬಿಟ್ಟಿದ್ದರೆ ಗಾಜು ಸಡಿಲವಾಗಿ ಅಲುಗುತ್ತದೆ, ಸಂದು ಎಲ್ಲ ಕಡೆ ಒಂದೇ ತೆರನಾಗಿ ಸಣ್ಣದಿರುತ್ತದೆ. ಬ್ಯಾಟರಿ ಉಬ್ಬಿದ್ದರೆ ಸಂದು ಬ್ಯಾಟರಿ ಇರುವ ಬದಿಯಲ್ಲಿ ಅಗಲವಾಗಿರುತ್ತದೆ, ಗಾಜು ಅಲುಗದೆ ಬಿಗಿಯಾಗಿ ಮೇಲಕ್ಕೆ ನಿಂತಿರುತ್ತದೆ. ಕೆಲವು ಮಾದರಿಗಳಲ್ಲಿ ಗಾಜಿನ ಬದಲು ಬೆನ್ನಿನ ಮುಚ್ಚಳ ಹೊರಗೆ ಬರುತ್ತದೆ. ಆಗ ವಾಚು ಮೇಜಿನ ಮೇಲೆ ಓಲಾಡುತ್ತದೆ ಮತ್ತು ಹೃದಯ ಬಡಿತದ ಲೆಕ್ಕ ತಪ್ಪತೊಡಗುತ್ತದೆ, ಏಕೆಂದರೆ ಸಂವೇದಕ ಚರ್ಮಕ್ಕೆ ಸರಿಯಾಗಿ ಕೂರುವುದಿಲ್ಲ. ಪರದೆಯ ಒಂದು ಅಂಚಿನಲ್ಲಿ ಟಚ್ ಕೆಲಸ ಮಾಡದಿರುವುದು, ಕತ್ತಲಲ್ಲಿ ಅಂಚಿನಿಂದ ಬೆಳಕು ಸೋರುವುದು, ಪರದೆಯ ಮೇಲೆ ಹೊಸದಾಗಿ ಮಸುಕು ಕಲೆ ಮೂಡುವುದು ಇವೂ ಅದೇ ಒತ್ತಡದ ಫಲಗಳು. ಸಿಹಿಯಾದ, ದ್ರಾವಕದಂತಹ ವಾಸನೆ ಬಂದರೆ ಬ್ಯಾಟರಿಯ ಚೀಲ ಸೋರಿದೆ ಎಂದೇ ತಿಳಿಯಬೇಕು.

ಉಬ್ಬುವುದಕ್ಕೆ ಕಾರಣ ಅನಿಲ. ಹೆಚ್ಚಿನ ವಾಚುಗಳ ಬ್ಯಾಟರಿಗೆ ಗಟ್ಟಿ ಲೋಹದ ಡಬ್ಬಿ ಇರುವುದಿಲ್ಲ. ಅಲ್ಯೂಮಿನಿಯಂ ಹಾಳೆಯ ಮೆತ್ತನೆಯ ಚೀಲದೊಳಗೆ ಪದರಗಳನ್ನು ಮಡಿಸಿಟ್ಟು ಅಂಚನ್ನು ಬೆಸೆದಿರುತ್ತಾರೆ. ಒಳಗಿನ ದ್ರವ ಕಾಲಕ್ರಮೇಣ ಒಡೆದು ಇಂಗಾಲದ ಡೈಆಕ್ಸೈಡ್, ಎಥಿಲೀನ್ ಮುಂತಾದ ಅನಿಲಗಳಾಗುತ್ತದೆ, ಹೊರಗೆ ಹೋಗಲು ದಾರಿಯಿಲ್ಲದೆ ಚೀಲ ಉಬ್ಬುತ್ತದೆ. ಇದರ ಜೊತೆಗೆ ಋಣ ತುದಿಯ ಗ್ರಾಫೈಟಿನ ಮೇಲೆ ತೆಳುವಾದ ಒಂದು ಪೊರೆ ನಿಧಾನವಾಗಿ ದಪ್ಪವಾಗುತ್ತ ಹೋಗಿ ಲಿಥಿಯಂನ ಒಂದು ಪಾಲನ್ನು ಶಾಶ್ವತವಾಗಿ ಕಟ್ಟಿಹಾಕುತ್ತದೆ. ಸಾಮರ್ಥ್ಯ ಕುಗ್ಗುವುದಕ್ಕೆ ಮುಖ್ಯ ಕಾರಣ ಈ ಪೊರೆ. ಎರಡು ಕ್ರಿಯೆಗಳೂ ಬ್ಯಾಟರಿ ತುಂಬಿರುವಾಗ ಮತ್ತು ಬಿಸಿಯಾಗಿರುವಾಗ ವೇಗ ಪಡೆಯುತ್ತವೆ, ವಾಚನ್ನು ಬಳಸದೆ ಇಟ್ಟರೂ ನಿಲ್ಲುವುದಿಲ್ಲ.

ಮಾಷ್ಟ್ರ ವಾಚನ್ನು ತೆರೆದಾಗ ಬ್ಯಾಟರಿಯ ಮೇಲೆ 402530 ಎಂದು ಅಚ್ಚಾಗಿತ್ತು. ಇಂತಹ ಚೀಲದ ಬ್ಯಾಟರಿಗಳ ಮೇಲಿನ ಈ ಆರಂಕಿ ಸಂಖ್ಯೆ ಅದರ ಅಳತೆ: ಮೊದಲ ಎರಡು ಅಂಕಿ ದಪ್ಪ 4.0 ಮಿಲಿಮೀಟರ್, ನಂತರದ ಎರಡು ಅಗಲ 25, ಕೊನೆಯ ಎರಡು ಉದ್ದ 30. ಆದ್ದರಿಂದ ಉಬ್ಬನ್ನು ಕಣ್ಣಂದಾಜಿಗೆ ಬಿಡಬೇಕಾಗಿಲ್ಲ. ಪ್ಲಾಸ್ಟಿಕ್ ವರ್ನಿಯರ್ ಕ್ಯಾಲಿಪರನ್ನು ಒತ್ತದೆ, ತಾಗಿಯೂ ತಾಗದಂತೆ ಹಿಡಿದು ಮಧ್ಯಭಾಗ ಅಳೆದರೆ 5.6 ಮಿಲಿಮೀಟರ್ ಬಂತು. ಅದು ಮೂಲ ದಪ್ಪಕ್ಕಿಂತ ಶೇಕಡ 40 ಹೆಚ್ಚು. ಬಳಕೆಯಿಂದ ಬ್ಯಾಟರಿ ಸ್ವಲ್ಪ ದಪ್ಪವಾಗುವುದು ಸಹಜ, ಅದಕ್ಕಾಗಿ ಶೇಕಡ 10ರವರೆಗೆ ನಾನು ಚಿಂತಿಸುವುದಿಲ್ಲ. ಅದನ್ನು ಮೀರಿದರೆ ಆ ಬ್ಯಾಟರಿಗೆ ಮತ್ತೆ ಚಾರ್ಜು ಕೊಡುವುದಿಲ್ಲ, ಸಾಮರ್ಥ್ಯ ಅಳೆಯುವುದಕ್ಕೂ ಅಲ್ಲ. ಲೋಹದ ಚಿಮುಟ ಬಳಸದೆ ಪ್ಲಾಸ್ಟಿಕ್ ಕಡ್ಡಿಯಿಂದ ಮೆಲ್ಲನೆ ಬಿಡಿಸಿ, ತಂತಿಗಳ ತುದಿಗೆ ಪ್ರತ್ಯೇಕವಾಗಿ ಟೇಪು ಸುತ್ತಿ, ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ ಹೊರಗಡೆ ಇಟ್ಟೆ. ಹರಿತ ಕರ್ಮಸೇನೆಯವರು ಇ-ತ್ಯಾಜ್ಯ ಸಂಗ್ರಹಿಸುವಾಗ ಇದು ಉಬ್ಬಿದ ಬ್ಯಾಟರಿ ಎಂದು ತಿಳಿಸಿ ಪ್ರತ್ಯೇಕವಾಗಿ ಕೊಡುವುದು ನನ್ನ ಕ್ರಮ. ಪ್ಲಾಸ್ಟಿಕ್ ಕಸದ ಚೀಲದೊಳಗೆ ಇದನ್ನು ತುರುಕುವುದು ಆ ಕೆಲಸ ಮಾಡುವ ಹೆಂಗಸರ ಕೈಗೆ ಅಪಾಯವನ್ನು ಕೊಟ್ಟಂತೆ.

ಮಾಷ್ಟ್ರು ತಮ್ಮ ಪತ್ನಿಯ ವಾಚನ್ನೂ ನೋಡಬೇಕೆಂದು ತಂದುಕೊಟ್ಟರು. ಅದರ ಬ್ಯಾಟರಿಯ ದಪ್ಪ 4.2 ಮಿಲಿಮೀಟರ್, ಅಂದರೆ ಶೇಕಡ 5ರಷ್ಟೇ ಏರಿಕೆ. ಹಾಗಾಗಿ ಸಾಮರ್ಥ್ಯ ಅಳೆಯಲು ಅಡ್ಡಿಯಿರಲಿಲ್ಲ. ಅದರ ಮೇಲೆ 300 ಮಿಲಿಆಂಪಿಯರ್ ಗಂಟೆ ಎಂದು ನಮೂದಾಗಿತ್ತು. 4.2 ವೋಲ್ಟ್‌ವರೆಗೆ ಪೂರ್ತಿ ತುಂಬಿಸಿ, ಸ್ವಲ್ಪ ಹೊತ್ತು ತಣ್ಣಗಾಗಲು ಬಿಟ್ಟು, ಸ್ಥಿರವಾಗಿ 60 ಮಿಲಿಆಂಪಿಯರ್ ಎಳೆಯುತ್ತ 3.0 ವೋಲ್ಟ್‌ಗೆ ಇಳಿಯುವವರೆಗಿನ ಸಮಯ ನೋಡಿದೆ. ಹೊಸ ಬ್ಯಾಟರಿಗೆ ಇದಕ್ಕೆ 5 ಗಂಟೆ ಹಿಡಿಯಬೇಕು. ಇದು 4 ಗಂಟೆ 10 ನಿಮಿಷ ನಿಂತಿತು. 60ನ್ನು ಆ ಸಮಯದಿಂದ ಗುಣಿಸಿದರೆ 250 ಮಿಲಿಆಂಪಿಯರ್ ಗಂಟೆ, ಅಂದರೆ ಮೂಲದ ಶೇಕಡ 83. ಶೇಕಡ 80ಕ್ಕೆ ಇಳಿದ ಬ್ಯಾಟರಿಯ ಆಯುಷ್ಯ ಮುಗಿಯಿತೆಂದು ಲೆಕ್ಕ ಹಾಕುವುದು ಈ ಕ್ಷೇತ್ರದ ರೂಢಿ, ಆದರೆ ಅದು ಕೆಟ್ಟುಹೋಯಿತು ಎಂಬ ಅರ್ಥದಲ್ಲಿ ಅಲ್ಲ. ಅವರ ವಾಚಿಗೆ ಹೊಸ ಬ್ಯಾಟರಿ ಬೇಡವೆಂದು ಹೇಳಿ ಹಳೆಯದನ್ನೇ ಕೂರಿಸಿದೆ.

ಇಂತಹ ಸಾಧನ ಮನೆಯಲ್ಲಿ ಇಲ್ಲದವರಿಗೂ ಒಂದು ದಾರಿಯಿದೆ. ವಾಚು ಹೊಸದಿರುವಾಗ, ಬೆಳಕಿನ ಮಟ್ಟವನ್ನೂ ಬ್ಲೂಟೂತನ್ನೂ ಯಾವಾಗಲೂ ಇರುವಂತೆ ಇಟ್ಟು, ಶೇಕಡ 80ರಿಂದ 30ಕ್ಕೆ ಇಳಿಯಲು ಎಷ್ಟು ಗಂಟೆ ಬೇಕಾಯಿತೆಂದು ಬರೆದಿಡಬೇಕು. ವರ್ಷ ಕಳೆದ ಮೇಲೆ ಅದೇ ಸ್ಥಿತಿಯಲ್ಲಿ ಮತ್ತೆ ನೋಡಿದರೆ ಅನುಪಾತ ಸಿಗುತ್ತದೆ. ನಡುವೆ ತಂತ್ರಾಂಶ ಬದಲಾಗಿದ್ದರೆ ಈ ಹೋಲಿಕೆಯನ್ನು ಪೂರ್ತಿ ನಂಬಲಾಗದು. ಪರದೆಯ ಮೇಲಿನ ಶೇಕಡಾವಾರು ಕೂಡ ವಾಚು ಮಾಡುವ ಅಂದಾಜು ಮಾತ್ರ. ಶೇಕಡ 30 ತೋರಿಸುತ್ತಿದ್ದುದು ಜಿಪಿಎಸ್ ಹಾಕಿದ ಕೂಡಲೇ ಆಫ್ ಆದರೆ, ಬ್ಯಾಟರಿಯ ಒಳರೋಧ ಏರಿ, ಹೆಚ್ಚು ವಿದ್ಯುತ್ ಎಳೆದಾಗ ವೋಲ್ಟೇಜ್ ಕುಸಿಯುತ್ತಿದೆ ಎಂದರ್ಥ.

ಎರಡು ವಾಚುಗಳ ವ್ಯತ್ಯಾಸಕ್ಕೆ ಕಾರಣ ಕೇಳಿ ತಿಳಿದುಕೊಂಡೆ. ಮಾಷ್ಟ್ರು ರಾತ್ರಿ ಮಲಗುವಾಗ ವಾಚನ್ನು ಇನ್ವರ್ಟರ್ ಮೇಲಿದ್ದ ಚಾರ್ಜರಿಗೆ ಇಟ್ಟು ಬೆಳಿಗ್ಗೆ ತೆಗೆಯುತ್ತಿದ್ದರು. ಶೇಕಡ 100 ಆದ ಮೇಲೆ ವಾಚು ಚಾರ್ಜು ನಿಲ್ಲಿಸುತ್ತದೆ ಎಂಬುದು ನಿಜ. ಆದರೆ ಸ್ವಲ್ಪ ಇಳಿದಾಗಲೆಲ್ಲ ಮತ್ತೆ ತುಂಬಿಸಿಕೊಳ್ಳುತ್ತ ಇಡೀ ರಾತ್ರಿ 4.2 ವೋಲ್ಟ್‌ನ ಹತ್ತಿರವೇ, ಅದೂ ಇನ್ವರ್ಟರಿನ ಬಿಸಿಯ ಮೇಲೆ, ಉಳಿಯುತ್ತದೆ. ಇದಲ್ಲದೆ ತೋಟಕ್ಕೆ ಇಳಿಯುವಾಗ ವಾಚನ್ನು ಬಿಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ಸ್ಕೂಟರಿನ ಪೆಟ್ಟಿಗೆಯಲ್ಲಿ ಹಾಕುವ, ಮನೆಗೆ ಬಂದೊಡನೆ ಆ ಬಿಸಿಯಲ್ಲೇ ಚಾರ್ಜಿಗೆ ಇಡುವ ಅಭ್ಯಾಸವೂ ಇತ್ತು. ಸಾಮಾನ್ಯ ಲಿಥಿಯಂ ಬ್ಯಾಟರಿಗೆ 45 ಡಿಗ್ರಿಗಿಂತ ಮೇಲೆ ಚಾರ್ಜು ಕೊಡಬಾರದು. ಏಪ್ರಿಲಿನ ಬಿಸಿಲಲ್ಲಿ ಮುಚ್ಚಿದ ಪೆಟ್ಟಿಗೆ ಅದನ್ನು ಸುಲಭವಾಗಿ ದಾಟುತ್ತದೆ. ಆಪಲ್ ತನ್ನ ವಾಚನ್ನು 35 ಡಿಗ್ರಿಯವರೆಗಿನ ವಾತಾವರಣದಲ್ಲಿ ಬಳಸಲು ಹೇಳುತ್ತದೆ, ನಮ್ಮ ಕರಾವಳಿಯ ಬೇಸಗೆ ಆ ಗಡಿಯ ಹತ್ತಿರವೇ ಇರುತ್ತದೆ.

ಅವರ ಪತ್ನಿ ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ವಾಚನ್ನು ಕಿಟಕಿಯ ಬಳಿ ನೆರಳಿನಲ್ಲಿ ಚಾರ್ಜಿಗೆ ಇಟ್ಟು, ಕಾಫಿ ಕುಡಿದಾದ ಮೇಲೆ ಎಷ್ಟಾಗಿದೆಯೋ ಅಷ್ಟಕ್ಕೇ ತೆಗೆಯುತ್ತಿದ್ದರು. ಹೀಗೆ ಅದು ಹೆಚ್ಚಾಗಿ ಶೇಕಡ 40 ಮತ್ತು 85ರ ನಡುವೆ ಓಡಾಡುತ್ತಿತ್ತು. ಎರಡೇ ವಾಚುಗಳಿಂದ ನಿಯಮ ಕಟ್ಟಲಾಗದು, ಒಂದು ಬ್ಯಾಟರಿ ಹುಟ್ಟಿನಿಂದಲೇ ದುರ್ಬಲವಾಗಿರುವುದೂ ಸಾಧ್ಯ. ಆದರೂ ಬಿಸಿ ಮತ್ತು ತುಂಬಿದ ಸ್ಥಿತಿ ಒಟ್ಟಿಗೆ ಸೇರಿದ ಕಡೆಯೇ ಉಬ್ಬು ಹೆಚ್ಚು ಎಂಬುದನ್ನು ಅಂಗಡಿಯ ಮೇಜಿನ ಮೇಲೆ ಮತ್ತೆ ಮತ್ತೆ ಕಂಡಿದ್ದೇನೆ. ಮೊಬೈಲಿನ ದೊಡ್ಡ ಚಾರ್ಜರಿನಿಂದ ವಾಚು ಹಾಳಾಗುತ್ತದೆ ಎಂಬ ಭಯಕ್ಕೆ ಮಾತ್ರ ಅಷ್ಟು ಆಧಾರವಿಲ್ಲ, ಏಕೆಂದರೆ ಎಷ್ಟು ವಿದ್ಯುತ್ ಎಳೆಯಬೇಕೆಂದು ನಿರ್ಧರಿಸುವುದು ವಾಚಿನೊಳಗಿನ ಸರ್ಕ್ಯೂಟು. ಇನ್ನೊಂದು ತುದಿಯಲ್ಲಿ, ಪೂರ್ತಿ ಖಾಲಿಯಾದ ವಾಚನ್ನು ಮಳೆಗಾಲವಿಡೀ ಕಪಾಟಿನಲ್ಲಿ ಇಡುವುದೂ ಹಾನಿಕರ. ವೋಲ್ಟೇಜ್ ತೀರ ಕೆಳಗಿಳಿದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ, ಮುಂದೆ ಚಾರ್ಜು ಕೊಟ್ಟಾಗ ಅದು ಶಾರ್ಟಿಗೆ ದಾರಿಯಾಗುತ್ತದೆ. ಬಳಸದೆ ಇಡುವುದಿದ್ದರೆ ಅರ್ಧ ತುಂಬಿಸಿ, ಆಫ್ ಮಾಡಿ ಇಟ್ಟು, ಎರಡು ಮೂರು ತಿಂಗಳಿಗೊಮ್ಮೆ ನೋಡಬೇಕು.

ಮಾಷ್ಟ್ರ ವಾಚಿಗೆ ಹೊಸ ಬ್ಯಾಟರಿ ಹಾಕುವಾಗ ಅಳತೆಯಷ್ಟೇ ಮುಖ್ಯವಾಗಿ ವೋಲ್ಟೇಜನ್ನು ನೋಡಿದೆ. 3.7 ವೋಲ್ಟ್ ಎಂದು ಬರೆದ ಬ್ಯಾಟರಿ 4.2ರವರೆಗೆ ತುಂಬುತ್ತದೆ, 3.8 ಅಥವಾ 3.85 ಎಂದು ಬರೆದದ್ದು 4.35 ಅಥವಾ 4.4ರವರೆಗೆ. ಎರಡನೆಯ ಬಗೆಯ ವಾಚಿಗೆ ಮೊದಲ ಬಗೆಯ ಬ್ಯಾಟರಿ ಹಾಕಿದರೆ ಗಾತ್ರ ಸರಿಹೊಂದಿದರೂ ಪ್ರತಿ ಸಲವೂ ಅತಿಯಾಗಿ ತುಂಬಿ, ಕೆಲವೇ ತಿಂಗಳಲ್ಲಿ ಅದೂ ಉಬ್ಬುತ್ತದೆ. ಸಂಪರ್ಕದ ಪಿನ್ನುಗಳ ಮೇಲೆ ಬೆವರಿನಿಂದ ಹಸಿರು ಕಿಲುಬು ಕಟ್ಟಿದ್ದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಹಳೆಯ ಅಂಟನ್ನು ಪೂರ್ತಿ ತೆಗೆದು, ಹೊಸ ಅಂಟುಪಟ್ಟಿಯ ಮೇಲೆ ಗಾಜನ್ನು ಕೂರಿಸಿ ಒಂದು ರಾತ್ರಿ ಕ್ಲ್ಯಾಂಪಿನಲ್ಲಿ ಇಟ್ಟೆ. ಕೊಡುವಾಗ "ಮಾಷ್ಟ್ರೇ, ಎರಡು ವಾಚನ್ನೂ ಬಿಚ್ಚಿ ಕೂರಿಸಿದ್ದರಿಂದ ಪೆಟ್ಟಿಗೆಯ ಮೇಲೆ ಬರೆದ ನೀರಿನ ರಕ್ಷಣೆಯನ್ನು ಇನ್ನು ನಂಬುವುದು ಬೇಡ, ಮಳೆಗೂ ಸ್ನಾನಕ್ಕೂ ತೆಗೆದಿಡಿ" ಎಂದೆ. ಅವರು ಚಾರ್ಜರನ್ನು ಇನ್ವರ್ಟರಿನ ಮೇಲಿನಿಂದ ತೆಗೆದು, ಪತ್ನಿಯ ಚಾರ್ಜರಿನ ಪಕ್ಕದಲ್ಲೇ ಕಿಟಕಿಯ ಬಳಿ ಇಡುವುದಾಗಿ ಹೇಳಿದರು.