ಹಾಸ್ಟೆಲ್ ಸುದ್ದಿಯ ಮೊದಲ ವಾಕ್ಯ

ಜಿಲ್ಲಾ ಪುಟಗಳ ಡೆಸ್ಕ್‌ನಲ್ಲಿ ಉಪಸಂಪಾದಕನಾಗಿ ಕೆಲಸ ಮಾಡುವವನ ಮೇಜಿಗೆ ಸಂಜೆ ಏಳರ ಹೊತ್ತಿಗೆ ಬರುವ ಸುದ್ದಿಗಳಲ್ಲಿ ಹೆಚ್ಚಿನವು ಅವಸರದಲ್ಲಿ ಬರೆದಂಥವು. ಅವುಗಳ ಮೊದಲ ವಾಕ್ಯವನ್ನೂ ತಲೆಬರಹವನ್ನೂ ನಾನು ಹೇಗೆ ಮೊಟಕುಗೊಳಿಸುತ್ತೇನೆ ಎಂಬುದನ್ನು ಒಂದೇ ಸುದ್ದಿಯ ಮೂಲಕ ಹೇಳುತ್ತೇನೆ. ಅದು ಒಂದು ಬುಧವಾರ ತಾಲ್ಲೂಕು ಕೇಂದ್ರವೊಂದರ ಅರೆಕಾಲಿಕ ವರದಿಗಾರರಿಂದ ಬಂದ ಸುದ್ದಿ. ಊರಿನ ಹೆಸರು ಇಲ್ಲಿ ಬೇಕಿಲ್ಲ. ಅವರ ಮೊದಲ ವಾಕ್ಯ ಹೀಗಿತ್ತು:

"ತಾಲ್ಲೂಕು ಕೇಂದ್ರದ ಬಾಲಕಿಯರ ವಿದ್ಯಾರ್ಥಿನಿಲಯದಲ್ಲಿ ಮಂಗಳವಾರ ರಾತ್ರಿ ಅಡುಗೆ ಸಿಬ್ಬಂದಿಯ ಘೋರ ನಿರ್ಲಕ್ಷ್ಯದಿಂದ ತಯಾರಾದ ವಿಷಪೂರಿತ ಊಟವನ್ನು ಸೇವಿಸಿದ 38 ಮಂದಿ ಅಮಾಯಕ ವಿದ್ಯಾರ್ಥಿನಿಯರು ತೀವ್ರ ವಾಂತಿಭೇದಿಯಿಂದ ನರಳಾಡಿ ಬುಧವಾರ ಬೆಳಗಿನ ಜಾವ ತಾಲ್ಲೂಕು ಆಸ್ಪತ್ರೆಗೆ ದಾಖಲಾಗಿದ್ದು, 7 ಮಂದಿಯ ಸ್ಥಿತಿ ಚಿಂತಾಜನಕವಾಗಿದೆ ಎನ್ನಲಾಗಿದ್ದು, ಪೋಷಕರು ಆಸ್ಪತ್ರೆಯ ಮುಂದೆ ಜಮಾಯಿಸಿ ಆಕ್ರೋಶ ವ್ಯಕ್ತಪಡಿಸಿದ ಘಟನೆ ನಡೆದಿದೆ."

ಅವರೇ ಕೊಟ್ಟಿದ್ದ ತಲೆಬರಹ: "ವಿಷಾಹಾರ ಸೇವನೆ: 38 ವಿದ್ಯಾರ್ಥಿನಿಯರ ಸ್ಥಿತಿ ಗಂಭೀರ!"

ವಾಕ್ಯದಲ್ಲಿ ನಲವತ್ತು ಪದಗಳಿವೆ. ಕನ್ನಡದಲ್ಲಿ ವಿಶೇಷಣಗಳೆಲ್ಲ ನಾಮಪದಕ್ಕೆ ಮೊದಲೇ ಬರುವುದರಿಂದ, ವಾಕ್ಯ ಉದ್ದವಾದಷ್ಟೂ ಸುದ್ದಿಯ ತಿರುಳು ಹಿಂದಕ್ಕೆ ಸರಿಯುತ್ತದೆ. ಇಲ್ಲಿ 38 ಎಂಬ ಸಂಖ್ಯೆ ಸಿಗುವುದು ಹದಿನೈದನೆಯ ಪದವಾಗಿ; ಅದನ್ನು ತಲುಪುವಷ್ಟರಲ್ಲಿ ಓದುಗರು "ಘೋರ ನಿರ್ಲಕ್ಷ್ಯ", "ವಿಷಪೂರಿತ" ಎಂಬ ಎರಡು ತೀರ್ಪುಗಳನ್ನು ದಾಟಿ ಬಂದಿರುತ್ತಾರೆ. ಹಾಗಾಗಿ ನಾನು ಕತ್ತರಿ ಹಾಕುವುದು ವಾಕ್ಯದ ಕೊನೆಯಿಂದಲ್ಲ, ಕರ್ತೃವಿಗೆ ಮೊದಲೇ ಕಟ್ಟಿದ ವಿಶೇಷಣಗಳ ಮೂಟೆಯಿಂದ. ಕೊನೆಯಲ್ಲಿರುವ "ಘಟನೆ ನಡೆದಿದೆ" ಹೇಗೂ ತಾನಾಗಿಯೇ ಉದುರುತ್ತದೆ. ಘಟನೆ ನಡೆಯದಿದ್ದರೆ ಅದು ನಮ್ಮ ಮೇಜಿಗೆ ಬರುತ್ತಲೇ ಇರಲಿಲ್ಲ. ಡೇಟ್‌ಲೈನ್‌ನಲ್ಲಿ ಊರಿನ ಹೆಸರು ಇರುವುದರಿಂದ "ತಾಲ್ಲೂಕು ಕೇಂದ್ರದ" ಎಂಬುದೂ ಬೇಡ.

ಆದರೆ ಮೊಟಕುಗೊಳಿಸುವ ಮೊದಲು ನಾನು ಫೋನ್ ಎತ್ತಿಕೊಂಡೆ. ಈ ಹಂತವನ್ನು ಬಿಟ್ಟು ಬರೀ ಭಾಷೆಯನ್ನು ಚಿಕ್ಕದು ಮಾಡಿದರೆ ತಪ್ಪು ಇನ್ನಷ್ಟು ಚೂಪಾಗುತ್ತದೆ ಎಂಬುದು ನನಗೆ ಅನುಭವದಿಂದ ಗೊತ್ತು. ಉದ್ದದ ವಾಕ್ಯದಲ್ಲಿ "ಎನ್ನಲಾಗಿದೆ" ಎಂಬ ಮಸುಕಿನ ಹಿಂದೆ ಅಡಗಿದ್ದ ಸಂಗತಿ, ಚಿಕ್ಕ ವಾಕ್ಯದಲ್ಲಿ ಖಚಿತ ಸತ್ಯದಂತೆ ಎದ್ದು ನಿಲ್ಲುತ್ತದೆ. ವರದಿಗಾರರಿಗೆ ನಾನು ಕೇಳಿದ್ದು ಒಂದೇ ಬಗೆಯ ಪ್ರಶ್ನೆ: ಇದನ್ನು ಹೇಳಿದವರು ಯಾರು?

38 ಎಂಬುದು ಆಸ್ಪತ್ರೆಯ ನೋಂದಣಿಯಲ್ಲಿದ್ದ ಸಂಖ್ಯೆ. ಆದರೆ ಅವರಲ್ಲಿ 31 ಬಾಲಕಿಯರು ಹೊರರೋಗಿಗಳಾಗಿ ಚಿಕಿತ್ಸೆ ಪಡೆದು, ಓಆರ್‌ಎಸ್ ಪೊಟ್ಟಣ ಹಿಡಿದುಕೊಂಡು ಮರಳಿದ್ದರು. ದಾಖಲಾದವರು 7 ಮಂದಿ ಮಾತ್ರ. "ಚಿಂತಾಜನಕ" ಎಂದು ಹೇಳಿದ್ದು ಒಬ್ಬ ಬಾಲಕಿಯ ತಂದೆ. ವೈದ್ಯಾಧಿಕಾರಿ ಹೇಳಿದ್ದು "ಡ್ರಿಪ್ ಹಾಕಿ ನಿಗಾದಲ್ಲಿ ಇಟ್ಟಿದ್ದೇವೆ, ಯಾರಿಗೂ ಅಪಾಯವಿಲ್ಲ" ಎಂದು. ನಿರ್ಲಕ್ಷ್ಯದ ಮಾತು ಪೋಷಕರದು. ಊಟ ಕೆಟ್ಟಿತ್ತೇ ಎಂದು ಕೇಳಿದ್ದಕ್ಕೆ ವೈದ್ಯರು "ಈಗಲೇ ಹೇಳಲಾಗದು" ಎಂದಿದ್ದರು. ತಾಲ್ಲೂಕು ಆರೋಗ್ಯಾಧಿಕಾರಿ ಊಟದ ಜತೆಗೆ ಕುಡಿಯುವ ನೀರಿನ ಮಾದರಿಯನ್ನೂ ಪ್ರಯೋಗಾಲಯಕ್ಕೆ ಕಳುಹಿಸಿದ್ದರು. ನೀರಿನ ವಿಷಯ ವರದಿಯ ಕೊನೆಯ ಪ್ಯಾರಾದಲ್ಲಿತ್ತು, ಮೊದಲ ವಾಕ್ಯದಲ್ಲಿ ಅದರ ಸುಳಿವೇ ಇರಲಿಲ್ಲ.

ಇಷ್ಟು ತಿಳಿದ ಮೇಲೆ ನಾನು ಬರೆದ ವಾಕ್ಯ: "ಬಾಲಕಿಯರ ವಿದ್ಯಾರ್ಥಿನಿಲಯದಲ್ಲಿ ಮಂಗಳವಾರ ರಾತ್ರಿ ಊಟ ಮಾಡಿದ ಬಳಿಕ 38 ವಿದ್ಯಾರ್ಥಿನಿಯರಿಗೆ ವಾಂತಿ, ಭೇದಿ ಕಾಣಿಸಿಕೊಂಡಿದ್ದು, 7 ಮಂದಿ ತಾಲ್ಲೂಕು ಆಸ್ಪತ್ರೆಗೆ ದಾಖಲಾಗಿದ್ದಾರೆ." ಹದಿನೇಳು ಪದ. ಉಳಿದವರು ಚಿಕಿತ್ಸೆ ಪಡೆದು ಮರಳಿದ್ದು, ವೈದ್ಯರ ಹೇಳಿಕೆ, ಮಾದರಿ ಪರೀಕ್ಷೆ ಇವಿಷ್ಟೂ ಮುಂದಿನ ಮೂರು ಚಿಕ್ಕ ವಾಕ್ಯಗಳಾದವು. ಪೋಷಕರ ಆರೋಪ ಮೂರನೆಯ ಪ್ಯಾರಾಕ್ಕೆ ಹೋಯಿತು, ಅದರ ಬೆನ್ನಿಗೇ ಮೇಲ್ವಿಚಾರಕಿಯ ಉತ್ತರ. ಸಂಖ್ಯೆಗಳ ವಿಷಯದಲ್ಲಿ ಮಾತ್ರ ನಾನು ಸ್ಥಳ ಉಳಿಸಲು ಹೋಗಲಿಲ್ಲ. 38 ಒಂದನ್ನೇ ಇಟ್ಟು "ಆಸ್ಪತ್ರೆಗೆ ದಾಖಲು" ಎಂದರೆ ಅದು ಸುಳ್ಳು. 7 ಒಂದನ್ನೇ ಇಟ್ಟರೆ ಅರ್ಧ ಹಾಸ್ಟೆಲ್ ರಾತ್ರಿಯಿಡೀ ನಿದ್ದೆಗೆಟ್ಟದ್ದನ್ನು ಮುಚ್ಚಿಟ್ಟಂತೆ.

ಇನ್ನು ತಲೆಬರಹ. ಎರಡು ಕಾಲಂ, ಎರಡು ಸಾಲು, ನಮ್ಮ ಅಕ್ಷರದ ಗಾತ್ರದಲ್ಲಿ ಸಾಲಿಗೆ ಹೆಚ್ಚೆಂದರೆ ಹದಿಮೂರು ಅಕ್ಷರ. "ವಿದ್ಯಾರ್ಥಿನಿಯರು" ಎಂಬ ಪದ ಎಣಿಕೆಗೆ ಆರೇ ಅಕ್ಷರವಾದರೂ ದೀರ್ಘ ಮತ್ತು ಅರ್ಕಾವತ್ತು ಬಲಕ್ಕೆ ಚಾಚುವುದರಿಂದ ಹೆಚ್ಚು ಅಗಲ ಬೇಡುತ್ತದೆ. "ಮಕ್ಕಳು" ಮೂರೇ ಅಕ್ಷರ, ಆದರೆ ಪ್ರೌಢಶಾಲೆಯ ಹುಡುಗಿಯರು ಎಂಬ ಮಾಹಿತಿ ಅದರಲ್ಲಿ ಹೋಗುತ್ತದೆ, ಮರುಕ ಮಾತ್ರ ಉಳಿಯುತ್ತದೆ. "ಬಾಲಕಿಯರು" ಸರಿಹೊಂದಿತು. "ವಿದ್ಯಾರ್ಥಿನಿಲಯ"ಕ್ಕೆ ಬದಲಾಗಿ "ಹಾಸ್ಟೆಲ್". ತಲೆಬರಹದಲ್ಲಿ ಅಚ್ಚಗನ್ನಡ, ಸಂಸ್ಕೃತ, ಇಂಗ್ಲಿಷ್ ಎಂಬ ಜಗಳಕ್ಕೆ ಜಾಗವಿರುವುದಿಲ್ಲ.

"ವಿಷಾಹಾರ" ಎಂಬ ಪದವನ್ನು ನಾನು ಮೊದಲು ತೆಗೆದೆ. ವೈದ್ಯರು ಫುಡ್ ಪಾಯಿಸನಿಂಗ್ ಎಂದಾಗ ಅವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ರೋಗಾಣು ಸೇರಿದ ಆಹಾರ; ಅದೇ ಮಾತು ಕನ್ನಡದ ತಲೆಬರಹದಲ್ಲಿ "ವಿಷ"ವಾದ ಕೂಡಲೇ ಯಾರೋ ಬೆರೆಸಿದರು ಎಂಬ ಅನುಮಾನ ಹುಟ್ಟುತ್ತದೆ. "ಕಲುಷಿತ ಆಹಾರ" ಎಂಬುದು ಅದಕ್ಕಿಂತ ವಾಸಿ, ಆದರೆ ಪರೀಕ್ಷೆಯ ವರದಿ ಬರುವ ಮೊದಲು ಅದೂ ಒಂದು ತೀರ್ಪೇ. ಪಕ್ಕದಲ್ಲಿದ್ದ ಸಹೋದ್ಯೋಗಿ "ವಿಷಾಹಾರ ಶಂಕೆ" ಎಂದು ಹಾಕೋಣ ಎಂದರು. ಶಂಕೆ ಎಂಬುದು ನಮ್ಮ ಪತ್ರಿಕೆಗಳಲ್ಲಿ ಎಲ್ಲಕ್ಕೂ ಹಾಕುವ ಬೇಲಿ. ಆರೋಗ್ಯಾಧಿಕಾರಿ ಶಂಕಿಸಿದ್ದರೆ ಅದನ್ನು ಬಳಸಬಹುದಿತ್ತು. ಇಲ್ಲಿ ಶಂಕಿಸುತ್ತಿದ್ದವರು ಡೆಸ್ಕ್‌ನಲ್ಲಿ ಕುಳಿತ ನಾವು. "ಊಟವೇ ಕಾರಣ?" ಎಂಬ ಪ್ರಶ್ನಾರ್ಥಕ ಚಿಹ್ನೆಯ ಕಥೆಯೂ ಇದೇ.

ಪೋಷಕರ ಆರೋಪವನ್ನು ತಲೆಬರಹಕ್ಕೆ ತರುವ ದಾರಿ ಇಲ್ಲವೆಂದಲ್ಲ. ಭಾರತೀಯ ಪತ್ರಿಕಾ ಮಂಡಳಿಯ ನಡಾವಳಿ ಸೂತ್ರಗಳ ಪ್ರಕಾರ, ಆರೋಪವಿರುವ ತಲೆಬರಹದಲ್ಲಿ ಆರೋಪ ಮಾಡಿದವರು ಯಾರೆಂದು ಹೇಳಬೇಕು, ಕನಿಷ್ಠಪಕ್ಷ ಉದ್ಧರಣ ಚಿಹ್ನೆಯಾದರೂ ಇರಬೇಕು. "ನಿರ್ಲಕ್ಷ್ಯ: ಪೋಷಕರ ಆರೋಪ" ಎಂದು ಬರೆಯಬಹುದಿತ್ತು. ಆದರೆ ಅಷ್ಟು ಜಾಗವನ್ನು ಆರೋಪಕ್ಕೆ ಕೊಟ್ಟರೆ ಬಾಲಕಿಯರ ಆರೋಗ್ಯ ಹೇಗಿದೆ ಎಂಬುದಕ್ಕೆ ಜಾಗ ಉಳಿಯುತ್ತಿರಲಿಲ್ಲ, ಅಂದು ಓದುಗರಿಗೆ ಮೊದಲು ಬೇಕಾಗಿದ್ದುದು ಅದೇ.

ಉಳಿದದ್ದು ಎರಡು ಆಯ್ಕೆ. ಸಹೋದ್ಯೋಗಿಯದು "ಹಾಸ್ಟೆಲ್ ಊಟ ಸೇವಿಸಿ 38 ಬಾಲಕಿಯರು ಅಸ್ವಸ್ಥ". ನನ್ನದು "ಹಾಸ್ಟೆಲ್ ಊಟದ ಬಳಿಕ 38 ಬಾಲಕಿಯರು ಅಸ್ವಸ್ಥ". ಮೇಲುನೋಟಕ್ಕೆ ವ್ಯತ್ಯಾಸವಿಲ್ಲ ಎನ್ನಿಸುತ್ತದೆ. ಆದರೆ "ಸೇವಿಸಿ" ಎಂಬಂಥ ಭೂತಕಾಲದ ಕೃದಂತಕ್ಕೆ ಕನ್ನಡದಲ್ಲಿ ಎರಡು ಕೆಲಸಗಳಿವೆ. "ಬಾಗಿಲು ತೆರೆದು ಒಳಗೆ ಬಂದ" ಎಂದಾಗ ಅದು ಬರೀ ಕ್ರಮವನ್ನು ಹೇಳುತ್ತದೆ. "ಮಳೆ ಬಂದು ರಸ್ತೆ ಕೊಚ್ಚಿಹೋಯಿತು" ಎಂದಾಗ ಕಾರಣವನ್ನು ಹೇಳುತ್ತದೆ. "ಊಟ ಸೇವಿಸಿ ಅಸ್ವಸ್ಥ" ಎಂಬುದನ್ನು ಎಲ್ಲರೂ ಓದುವುದು ಎರಡನೆಯ ಅರ್ಥದಲ್ಲೇ. ತಲೆಬರಹ ಚಿಕ್ಕದಾಗುವುದರಲ್ಲಿ ಈ ರೂಪದ ಪಾಲು ದೊಡ್ಡದು, ಅದಕ್ಕೇ ನಮಗೆಲ್ಲ ಅದು ಪ್ರಿಯ. ಕಾರಣ ಇನ್ನೂ ಗೊತ್ತಿಲ್ಲದ ಸುದ್ದಿಗಳಲ್ಲಿ ಅದು ಕಳ್ಳ ದಾರಿಯಿಂದ ಕಾರಣವನ್ನು ಒಳಗೆ ತರುತ್ತದೆ. "ಇಂದ" ಪ್ರತ್ಯಯವಾದರೋ ಎದುರಿನಿಂದಲೇ ತರುತ್ತದೆ. "ಬಳಿಕ" ಕ್ರಮವನ್ನಷ್ಟೇ ಹೇಳುತ್ತದೆ ಎಂದು ವಾದಿಸಿ ನಾನು ಗೆದ್ದೆ. ದೂರದ ಜಿಲ್ಲೆಗಳಿಗೆ ಹೋಗುವ ಮೊದಲ ಆವೃತ್ತಿಯ ಪುಟ ಒಂಬತ್ತೂವರೆಗೆ ನನ್ನ ತಲೆಬರಹದೊಂದಿಗೆ ಮುದ್ರಣಕ್ಕೆ ಹೋಯಿತು.

ಹತ್ತೂಕಾಲಿಗೆ ವರದಿಗಾರರ ಫೋನ್ ಬಂತು. "ಸಾರ್, ಇನ್ನೊಂದು ವಿಷಯ. ಆ 38 ಹುಡುಗಿಯರಲ್ಲಿ ಇಬ್ಬರು ಅವತ್ತು ರಾತ್ರಿ ಊಟವನ್ನೇ ಮಾಡಿಲ್ವಂತೆ." ವಾರ್ಡಿನಲ್ಲಿದ್ದ ಬಾಲಕಿಯರು ಹೇಳಿದ್ದನ್ನು ಅವರು ವೈದ್ಯಾಧಿಕಾರಿಯನ್ನು ಕೇಳಿ ಖಚಿತಪಡಿಸಿಕೊಂಡಿದ್ದರು. ಅಂದರೆ ನಾನು ಗೆದ್ದ "ಬಳಿಕ" ಕೂಡ ತಪ್ಪು. ಕ್ರಮವನ್ನಷ್ಟೇ ಹೇಳುತ್ತದೆ ಎಂದು ನಾನು ಸಮರ್ಥಿಸಿಕೊಂಡಿದ್ದ ಆ ಪದ ಸಾವಿರಾರು ಸಂಗತಿಗಳಲ್ಲಿ ಊಟ ಒಂದನ್ನೇ ಆರಿಸಿ ಕಾಯಿಲೆಯ ಪಕ್ಕದಲ್ಲಿ ಕೂರಿಸಿತ್ತು. ಹಾಗೆ ಆರಿಸಿದ್ದೇ ಕಾರಣ ಹೇಳಿದಂತಾಗಿತ್ತು.

ಆ ಜಿಲ್ಲೆಗೇ ಹೋಗುವ ಆವೃತ್ತಿ ಹನ್ನೊಂದಕ್ಕೆ ಮುಚ್ಚುತ್ತಿತ್ತು. ಮೊದಲ ವಾಕ್ಯ ಹೀಗಾಯಿತು: "ಬಾಲಕಿಯರ ವಿದ್ಯಾರ್ಥಿನಿಲಯದ 38 ಮಂದಿಗೆ ಮಂಗಳವಾರ ತಡರಾತ್ರಿ ವಾಂತಿ, ಭೇದಿ ಕಾಣಿಸಿಕೊಂಡಿದ್ದು, ಅವರಲ್ಲಿ 7 ವಿದ್ಯಾರ್ಥಿನಿಯರು ತಾಲ್ಲೂಕು ಆಸ್ಪತ್ರೆಗೆ ದಾಖಲಾಗಿದ್ದಾರೆ." ಊಟದ ಸಂಗತಿ ಎರಡನೆಯ ಪ್ಯಾರಾಕ್ಕೆ ಹೋಯಿತು: 36 ಮಂದಿ ರಾತ್ರಿ ಹಾಸ್ಟೆಲ್‌ನಲ್ಲಿ ಊಟ ಮಾಡಿದ್ದರು, ಇಬ್ಬರು ಮಾಡಿರಲಿಲ್ಲ, ಊಟ ಮತ್ತು ನೀರು ಎರಡರ ಮಾದರಿಯೂ ಪರೀಕ್ಷೆಗೆ ಹೋಗಿದೆ.

ತಲೆಬರಹದ ಮೊದಲ ಸಾಲು "ಹಾಸ್ಟೆಲ್‌ನ 38 ಬಾಲಕಿಯರಿಗೆ" ಎಂದು ಚೆನ್ನಾಗಿ ತುಂಬಿತು. ಎರಡನೆಯ ಸಾಲಿನಲ್ಲಿ "ವಾಂತಿ, ಭೇದಿ" ಎಂಬ ನಾಲ್ಕೇ ಅಕ್ಷರ. ಪುಟ ವಿನ್ಯಾಸ ಮಾಡುತ್ತಿದ್ದವರು ಸಾಲು ಬೋಳಾಗಿ ಕಾಣುತ್ತದೆ, "ತೀವ್ರ" ಎಂದು ಸೇರಿಸಿ ಎಂದರು. ಉತ್ಪ್ರೇಕ್ಷೆಯ ಪದಗಳು ಎಷ್ಟೋ ಸಲ ಪತ್ರಿಕೆಗೆ ಬರುವುದು ಯಾರದೋ ದುರುದ್ದೇಶದಿಂದಲ್ಲ, ಇಂಥ ಖಾಲಿ ಜಾಗದಿಂದ. ಜಾಗ ಉಳಿದರೆ ವಿಶೇಷಣದ ಬದಲು ಬಿಟ್ಟುಹೋದ ಮಾಹಿತಿಯನ್ನು ಹುಡುಕುವುದು ನನ್ನ ರೂಢಿ, ಅದು ಇಲ್ಲಿ ಕೈಯಲ್ಲೇ ಇತ್ತು. "ವಾಂತಿ, ಭೇದಿ, 7 ಮಂದಿ ದಾಖಲು" ಎಂದು ಸಾಲು ತುಂಬಿತು. ಉಪಶೀರ್ಷಿಕೆ "ಊಟ, ನೀರಿನ ಮಾದರಿ ಪರೀಕ್ಷೆಗೆ" ಎಂದಾಯಿತು.

ಮರುದಿನ ಬೆಳಿಗ್ಗೆ ವರದಿಗಾರರು ಬೇಸರದಿಂದಲೇ ಮಾತನಾಡಿದರು. ಇನ್ನೊಂದು ಪತ್ರಿಕೆಯಲ್ಲಿ "ವಿಷಾಹಾರ" ದಪ್ಪಕ್ಷರದಲ್ಲಿ ಮುಖಪುಟಕ್ಕೆ ಬಂದಿತ್ತು. ನಮ್ಮದು ಒಳಪುಟದ ಎರಡು ಕಾಲಂ. ಆಸ್ಪತ್ರೆಯ ಬಳಿ ಪೋಷಕರೊಬ್ಬರು "ನಿಮ್ಮ ಪೇಪರಿನವರು ಹಾಸ್ಟೆಲಿನವರ ಕಡೆಯವರಾ?" ಎಂದು ಅವರನ್ನು ಕೇಳಿದ್ದರಂತೆ. ನನ್ನ ಬಳಿ ಅದಕ್ಕೆ ಒಳ್ಳೆಯ ಉತ್ತರವಿರಲಿಲ್ಲ. ದೂರದ ಜಿಲ್ಲೆಗಳಿಗೆ "ಊಟದ ಬಳಿಕ" ಎಂದು ಹೋದದ್ದಕ್ಕೆ ಅಂದಿನ ಸಂಜೆ ಮೂರು ಸಾಲಿನ ತಿದ್ದುಪಡಿ ಬರೆದೆ. ಅದನ್ನೂ ಬರೆದ ಮೇಲೆ ಒಂದು ಸಾಲು ಇಳಿಸಿದೆ.