ತೋಳಿನ ಇಂಪ್ಲಾಂಟ್ ಮತ್ತು ನಿಲ್ಲದ ಬ್ಲೀಡಿಂಗ್: ನಾನು ನಿಭಾಯಿಸುವ ರೀತಿ

"ಮೇಡಂ, ಇದನ್ನ ತೆಗೆದುಬಿಡಿ" ಎಂದು, ಗರ್ಭ ತಡೆಯಲು ಚರ್ಮದಡಿ ಇಂಪ್ಲಾಂಟ್ ಹಾಕಿಸಿಕೊಂಡ ತೋಳು ತೋರಿಸುವವರಲ್ಲಿ ಹೆಚ್ಚಿನವರ ದೂರು ನೋವಲ್ಲ, ರಕ್ತ. ನಾಲ್ಕು ದಿನ ನಿಂತಿರುತ್ತದೆ, ಮತ್ತೆ ಕಲೆ ಕಾಣಿಸುತ್ತದೆ, ಹದಿನೈದು ದಿನ ಹಾಗೇ ಎಳೆಯುತ್ತದೆ. ದೇವರ ಮನೆಗೆ ಹೋಗಬಹುದೋ ಇಲ್ಲವೋ ಎಂಬುದೇ ಹಲವರಿಗೆ ರಕ್ತಕ್ಕಿಂತ ದೊಡ್ಡ ತಲೆನೋವು.

ನಾಲ್ಕು ಸೆಂಟಿಮೀಟರ್ ಉದ್ದದ ಈ ಕಡ್ಡಿಯಲ್ಲಿ 68 ಮಿಲಿಗ್ರಾಂ ಎಟೊನೊಜೆಸ್ಟ್ರೆಲ್ ಎಂಬ ಹಾರ್ಮೋನ್ ಇರುತ್ತದೆ. ಮಾಮೂಲಿ ಮುಟ್ಟಿನಲ್ಲಿ ಈಸ್ಟ್ರೊಜೆನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ, ಪ್ರೊಜೆಸ್ಟರಾನ್ ಅದನ್ನು ಹಿಡಿದಿಡುತ್ತದೆ, ಎರಡೂ ಇಳಿದಾಗ ಪದರ ಒಟ್ಟಿಗೆ ಕಳಚುತ್ತದೆ. ಇಂಪ್ಲಾಂಟ್ ಇದ್ದಾಗ ಪ್ರೊಜೆಸ್ಟರಾನ್ ಜಾತಿಯ ಈ ಹಾರ್ಮೋನ್ ಏರಿಳಿತವಿಲ್ಲದೆ ದಿನವೂ ಬರುತ್ತಿರುತ್ತದೆ. ಪದರ ತೆಳುವಾಗುತ್ತದೆ, ಮೇಲ್ಭಾಗದ ಸಣ್ಣ ರಕ್ತನಾಳಗಳು ಹಿಗ್ಗಿ ದುರ್ಬಲವಾಗಿ ಅಲ್ಲಲ್ಲಿ ಒಡೆಯುತ್ತವೆ. ದಿನಗಳು ಹೆಚ್ಚಾದರೂ ಪ್ರಮಾಣ ಸಾಮಾನ್ಯವಾಗಿ ಕಡಿಮೆ ಇರುವುದು ಇದರಿಂದಲೇ. ಕೆಟ್ಟ ರಕ್ತ ಹೋಗುತ್ತಿದೆ ಎಂಬ ಮಾತಿಗೆ ಅರ್ಥವಿಲ್ಲ.

ಮಾತ್ರೆ ಬರೆಯುವ ಮೊದಲು ಕಡ್ಡಿ ಕೈಗೆ ಸಿಗುತ್ತದೆಯೇ ಎಂದು ಮುಟ್ಟಿ ನೋಡುತ್ತೇನೆ, ಮೂತ್ರದಲ್ಲಿ ಗರ್ಭ ಪರೀಕ್ಷೆ ಮಾಡಿಸುತ್ತೇನೆ. ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂದು ಕೇಳುವುದು ಮುಖ್ಯ. ಕ್ಷಯದ ರಿಫಾಂಪಿಸಿನ್, ಮೂರ್ಛೆರೋಗದ ಕಾರ್ಬಮಜೆಪಿನ್, ಫೆನಿಟಾಯಿನ್ ರಕ್ತದಲ್ಲಿ ಹಾರ್ಮೋನ್ ಮಟ್ಟವನ್ನು ಇಳಿಸುತ್ತವೆ. ಆಗ ಬ್ಲೀಡಿಂಗ್ ಅಷ್ಟೇ ಅಲ್ಲ, ಗರ್ಭ ನಿಲ್ಲುವ ಅಪಾಯವೂ ಇದೆ. ಬೇರೆ ವಿಧಾನವೇ ಬೇಕು. ಸಂಭೋಗದ ನಂತರ ರಕ್ತ, ವಾಸನೆಯ ಬಿಳಿಸೆರಗು, ಕಿಬ್ಬೊಟ್ಟೆ ನೋವು ಇದ್ದರೆ ಗರ್ಭಕೋಶದ ಕೊರಳನ್ನು ನೋಡದೆ ಬಿಡುವುದಿಲ್ಲ. ವರ್ಷವಿಡೀ ಸುಮ್ಮನಿದ್ದು ಏಕಾಏಕಿ ಶುರುವಾದ ಬ್ಲೀಡಿಂಗನ್ನೂ ಇಂಪ್ಲಾಂಟಿನ ತಲೆಗೆ ಕಟ್ಟಬಾರದು. ಸೋಂಕು, ಪಾಲಿಪ್, ಫೈಬ್ರಾಯ್ಡ್ ಹುಡುಕಬೇಕು.

ಪದೇ ಪದೇ ಕಾಣುವ ಒಂದು ಮಾದರಿ ಹೀಗಿರುತ್ತದೆ. ವಯಸ್ಸು ಇಪ್ಪತ್ತಾರು, ಮಗುವಿಗೆ ಹಾಲು ಬಿಡಿಸಿದ್ದಾಗಿದೆ, ಇಂಪ್ಲಾಂಟಿಗೆ ಐದು ತಿಂಗಳು. ಕ್ಯಾಲೆಂಡರಿನಲ್ಲಿ ಕಲೆಗೆ ಚುಕ್ಕಿ, ಪ್ಯಾಡ್ ಬೇಕಾದ ದಿನಕ್ಕೆ ಗೀಟು ಹಾಕಿಸಿದರೆ ಒಂದೇ ಸಲಕ್ಕೆ 19 ದಿನ ಸಿಗುತ್ತದೆ. ಹದಿನಾಲ್ಕು ದಿನ ದಾಟಿದರೆ ದೀರ್ಘ ಬ್ಲೀಡಿಂಗ್ ಎಂದೇ ಲೆಕ್ಕ. ಹಿಮೋಗ್ಲೋಬಿನ್ 10.8, ಬಿಪಿ ಸರಿ. ಕಬ್ಬಿಣದ ಮಾತ್ರೆಯ ಜೊತೆಗೆ ಮೆಫೆನಾಮಿಕ್ ಆಸಿಡ್ 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಊಟದ ಮೇಲೆ, ಐದು ದಿನ. ಅಂಗಡಿಯಲ್ಲಿ ಹೊಟ್ಟೆನೋವಿಗೆ ಕೊಡುವ ಮೆಫ್ತಾಲ್ ಸ್ಪಾಸ್ ಇದಕ್ಕೆ ಬದಲಲ್ಲ. ಅದರಲ್ಲಿ ಈ ಔಷಧ 250 ಮಿಲಿಗ್ರಾಂ ಮಾತ್ರ, ಜೊತೆಗೆ ಬೇರೆ ಔಷಧವೂ ಇದೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ನೋವಿನ ಮಾತ್ರೆಗೆ ಉಬ್ಬಸ ಬರುವವರಿಗೆ ಮೆಫೆನಾಮಿಕ್ ಆಸಿಡ್ ಕೊಡುವುದಿಲ್ಲ.

ನಿಂತ ಬ್ಲೀಡಿಂಗ್ ಎರಡು ವಾರಕ್ಕೆ ಮರಳಿದರೆ ಮುಂದಿನ ಹೆಜ್ಜೆ ಈಸ್ಟ್ರೊಜೆನ್ ಸೇರಿಸುವುದು. ಇದಕ್ಕೆ ದುಬಾರಿ ಪಿಲ್ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್‌ನಲ್ಲಿ ಬೇಕಾದ 0.03 ಮಿಲಿಗ್ರಾಂ ಎಥಿನೈಲ್ ಈಸ್ಟ್ರಡಯಾಲ್ ಇದೆ. 21 ಹಾರ್ಮೋನ್ ಮಾತ್ರೆಗಳನ್ನು ರಾತ್ರಿ ಒಂದೇ ಹೊತ್ತಿಗೆ ಒಂದೊಂದು, ಆಮೇಲೆ ಏಳು ಕಬ್ಬಿಣದ ಮಾತ್ರೆ. ಆ ಏಳು ದಿನದಲ್ಲಿ ಮುಟ್ಟಿನ ಹಾಗೆ ರಕ್ತ ಬರುತ್ತದೆ ಎಂದು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ "ಮಾತ್ರೆಯೂ ಕೆಲಸ ಮಾಡಲಿಲ್ಲ" ಎಂದು ಅಲ್ಲಿಗೇ ಬಿಡುತ್ತಾರೆ. ಹೆಚ್ಚೆಂದರೆ ಮೂರು ಪ್ಯಾಕೆಟ್ ಕೊಟ್ಟು ನೋಡುತ್ತೇನೆ. ಬಿಪಿ 140/90 ಅಥವಾ ಮೇಲಿದ್ದರೆ, ಕಣ್ಣಿಗೆ ಮಿಂಚು ಹೊಡೆದು ಬರುವ ಮೈಗ್ರೇನ್ ಇದ್ದರೆ, ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ ಇದು ಸಲ್ಲದು. ಹೆರಿಗೆಯಾಗಿ ಆರು ತಿಂಗಳೊಳಗೆ ಎದೆಹಾಲು ಕೊಡುತ್ತಿದ್ದರೂ ಮಾಲಾ-ಎನ್ ಕೊಡುವುದಿಲ್ಲ. ಪಿಲ್ ನಡೆಯುವಾಗ ರಕ್ತ ಜಾಸ್ತಿ ಎಂದು ಮೆಡಿಕಲ್ ಅಂಗಡಿಯಿಂದ ಟ್ರಾನೆಕ್ಸಾಮಿಕ್ ಆಸಿಡ್ ತಂದು ನುಂಗುವುದು ಅಪಾಯ. ಎರಡೂ ಸೇರಿದರೆ ಹೆಪ್ಪುಗಟ್ಟುವ ಸಂಭವ ಏರುತ್ತದೆ.

ಈ ಮಾತ್ರೆಗಳು ಆ ಹೊತ್ತಿನ ಬ್ಲೀಡಿಂಗ್ ನಿಲ್ಲಿಸುತ್ತವೆ, ಇಂಪ್ಲಾಂಟಿನ ಸ್ವಭಾವ ಬದಲಿಸುವುದಿಲ್ಲ. ಬಿಟ್ಟ ಮೇಲೆ ಮರಳುವವರು ಸಾಕಷ್ಟು. ಮೊದಲ ಮೂರು ತಿಂಗಳು ಚೆನ್ನಾಗಿದ್ದವರಿಗೆ ಮುಂದೆಯೂ ಹಾಗೇ ಇರುವ ಸಾಧ್ಯತೆ ಹೆಚ್ಚು. ಕೆಟ್ಟದಾಗಿ ಶುರುವಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆಮೇಲೆ ಸುಧಾರಿಸುತ್ತದೆ. ಈ ಲೆಕ್ಕ ಹೇಳಿದ ಮೇಲೂ ತೆಗೆಸಬೇಕು ಎಂದವರನ್ನು ಇನ್ನೊಂದು ತಿಂಗಳು ಕಾಯಿಸಿ ಗೋಳುಹೊಯ್ದುಕೊಳ್ಳುವುದು ನನಗೆ ಸರಿಕಾಣದು. ಗಂಟೆಗೊಂದು ಪ್ಯಾಡ್ ನೆನೆಯುವಷ್ಟಾದರೆ, ತಲೆಸುತ್ತು ಬಂದರೆ ಅದೇ ದಿನ ಆಸ್ಪತ್ರೆಗೆ ಬರಬೇಕು. ಕಡ್ಡಿ ತೆಗೆದ ಒಂದು ವಾರದೊಳಗೆ ಹಾರ್ಮೋನ್ ರಕ್ತದಲ್ಲಿ ಸಿಗದಷ್ಟು ಇಳಿಯುತ್ತದೆ. ಗರ್ಭ ಬೇಡ ಎನ್ನುವವರಿಗೆ ಕಡ್ಡಿ ತೆಗೆದ ದಿನವೇ ಕಾಪರ್-ಟಿ ಹಾಕಬಹುದು, ಅಥವಾ ಅವರು ಒಪ್ಪುವ ಬೇರೆ ವಿಧಾನ ಶುರುಮಾಡಬೇಕು.